ಚಿತ್ರದ ಕೆಳಗೆ ಏನು ಬರೆಯಬೇಕು?

ಸ್ವತಂತ್ರವಾಗಿ ದುಡಿಯುವ ಚಿತ್ರಕಲಾವಿದರು ತಮ್ಮ ಒಳ್ಳೆಯ ಕೆಲಸವೊಂದನ್ನು ಇನ್‌ಸ್ಟಾಗ್ರಾಮಿಗೆ ಹಾಕಿ, ಕೆಳಗೆ ‘ಮಳೆಯ ಮುಸ್ಸಂಜೆ. ಬಣ್ಣಗಳ ಜೊತೆ ಒಂದಿಷ್ಟು ಹೊತ್ತು. ಕೆಲಸ ಬೇಕಿದ್ದರೆ ಮೆಸೇಜ್ ಮಾಡಿ’ ಎಂದು ಬರೆಯುತ್ತಾರೆ. ಕಥಾಸಂಕಲನಕ್ಕೆ ಮುಖಪುಟ ಹುಡುಕುತ್ತಿರುವ ಪ್ರಕಾಶಕರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಇದು ಯಾರೋ ಹೇಳಿ ಬರೆಸಿದ್ದೋ, ಕಲಾವಿದರ ಸ್ವಂತ ಖುಷಿಗೆ ಬರೆದದ್ದೋ? ಎಷ್ಟಾಗಬಹುದು? ಯಾವಾಗ ಸಿಗುತ್ತದೆ? ಕೇಳಲು ಸಂಕೋಚಪಟ್ಟುಕೊಂಡು ಅವರು ಮುಂದೆ ಸಾಗುತ್ತಾರೆ. ಮೊದಲ ಫೋನ್ ಕರೆಯಲ್ಲಿ ಆಡುವ ಮಾತನ್ನೆಲ್ಲ ಈ ಅಡಿಬರಹವೇ ಆಡಿ ಮುಗಿಸಬೇಕು.

ಉದಾಹರಣೆಗೆ, ಮಲೆನಾಡಿನ ಕತೆಗಳ ಸಂಕಲನವೊಂದಕ್ಕೆ ಮುಖಪುಟ ಬರೆದಿದ್ದೀರಿ ಎಂದಿಟ್ಟುಕೊಳ್ಳಿ. ಯಾವ ಕುಂಚ, ಯಾವ ಆ್ಯಪ್ ಎನ್ನುವುದು ಪ್ರಕಾಶಕರಿಗೆ ಬೇಕಿಲ್ಲ. ನೀವು ಹೇಗೆ ಯೋಚಿಸುತ್ತೀರಿ ಎಂಬುದು ಬೇಕು. ಕನ್ನಡ ಶೀರ್ಷಿಕೆಯಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಎರಡು ಸಾಲಿನ ಹೆಸರಾದರೆ ಒಂದು ಸಾಲಿನ ಒತ್ತು ಇನ್ನೊಂದರ ತಲೆಕಟ್ಟಿಗೆ ತಾಗುವ ಭಯ. ಅದಕ್ಕೇ ನೀವು ಮೇಲಿನ ಮೂರನೇ ಒಂದು ಭಾಗದ ಆಕಾಶವನ್ನು ಖಾಲಿ ಬಿಟ್ಟಿರಿ, ಮನೆಯ ಸೂರನ್ನು ಕೆಳಗಿಳಿಸಿದಿರಿ. ಇದೊಂದನ್ನು ಬರೆದರೆ ಸಾಕು, ಈ ಕಲಾವಿದರಿಗೆ ಪುಸ್ತಕದ ಕೆಲಸ ಗೊತ್ತು ಎಂದು ನೋಡುವವರಿಗೆ ಖಾತರಿಯಾಗುತ್ತದೆ.

ದರದ ವಿಷಯಕ್ಕೆ ಬಂದಾಗ ಬಹುತೇಕರು ಮಾತು ನುಂಗುತ್ತಾರೆ. ‘ದರಕ್ಕೆ ಮೆಸೇಜ್ ಮಾಡಿ’ ಎಂದರೆ ಕೈಗೆಟುಕದ ಬೆಲೆ ಇರಬೇಕೆಂದು ಕೆಲವರು ದೂರ ಸರಿಯುತ್ತಾರೆ, ಪುಕ್ಕಟೆಗೆ ಸಿಕ್ಕೀತೆಂದು ಕೆಲವರು ಹತ್ತಿರ ಬರುತ್ತಾರೆ. ಆರಂಭದ ದರವನ್ನು ಬರೆಯುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಮನೆ ನಡೆಸಲು, ಸಲಕರಣೆಗೆ, ವಿಮೆಗೆ ಸೇರಿ ತಿಂಗಳಿಗೆ 36,000 ರೂಪಾಯಿ ಬೇಕು ಎನ್ನೋಣ. ಪತ್ರವ್ಯವಹಾರ, ಬಾಕಿ ವಸೂಲಿ ಎಲ್ಲ ಕಳೆದು ಚಿತ್ರಕ್ಕೇ ಸಿಗುವುದು 90 ಗಂಟೆ ಎಂದಾದರೆ ಗಂಟೆಗೆ 400 ರೂಪಾಯಿ. ಮುಖಪುಟಕ್ಕೆ 20 ಗಂಟೆ ಹಿಡಿದರೆ 8,000. ಗಂಟೆಯ ಲೆಕ್ಕ ನಿಮ್ಮೊಳಗೇ ಇರಲಿ, ಕೆಲಸದ ಒಟ್ಟು ದರ ಮಾತ್ರ ಹೊರಗೆ ಹೇಳಿ. ಕೈ ಪಳಗಿ ಬೇಗ ಮುಗಿಸಿದ ಕಾರಣಕ್ಕೆ ಸಂಪಾದನೆ ಕಡಿಮೆಯಾಗಬಾರದು.

ಆ ದರ ಯಾವ ಬಳಕೆಗೆ ಎನ್ನುವುದನ್ನೂ ಜೊತೆಗೇ ಬರೆಯಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಬರೆಸಿದ ವರ್ಣಚಿತ್ರ ಅಥವಾ ಭಾವಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಮೊದಲ ಹಕ್ಕುದಾರರು. ಅಂದರೆ ನೀವು ಸುಮ್ಮನಿದ್ದರೆ, ಪುಸ್ತಕಕ್ಕೆಂದು ಬರೆದ ಚಿತ್ರ ನಾಳೆ ಕ್ಯಾಲೆಂಡರಿನ ಮೇಲೂ ಬಂದೀತು. ಅಡಿಬರಹವೇ ಒಪ್ಪಂದವಾಗುವುದಿಲ್ಲ. ಕೆಲಸ ಒಪ್ಪಿದಾಗ ಅದನ್ನು ಪತ್ರದಲ್ಲಿ ಬರೆದು ಇಬ್ಬರೂ ಸಹಿ ಮಾಡಬೇಕು. ಆದರೆ ಮೊದಲೇ ತಿಳಿಸಿದ್ದರೆ ಆ ಮಾತೆತ್ತುವಾಗ ಮುಜುಗರ ಇರುವುದಿಲ್ಲ.

ದಿನಗಳ ಲೆಕ್ಕದಲ್ಲಿ ಜಗಳ ಹುಟ್ಟುವುದು ‘ಯಾವಾಗಿನಿಂದ’ ಎಂಬಲ್ಲಿ. ಪ್ರಕಾಶಕರು ಫೋನ್ ಮಾಡಿದ ದಿನದಿಂದ ಎಣಿಸುತ್ತಾರೆ, ನೀವು ಮುಂಗಡ ಕೈಸೇರಿದ ದಿನದಿಂದ. ನಡುವೆ ರಫ್ ಚಿತ್ರ ಅವರ ಮೇಜಿನ ಮೇಲೆ ಹತ್ತು ದಿನ ಕೂತರೆ ಅದೂ ನಿಮ್ಮ ತಲೆಗೇ ಬರುತ್ತದೆ. ಇನ್ನೊಂದು ತೊಡಕು ಪುಸ್ತಕದ ಬೆನ್ನಿನದು. ಒಳಪುಟಗಳೆಷ್ಟು, ಕಾಗದ ಎಷ್ಟು ದಪ್ಪ ಎಂದು ತೀರ್ಮಾನವಾಗುವವರೆಗೆ ಬೆನ್ನಿನ ಅಗಲ ತಿಳಿಯುವುದಿಲ್ಲ. ಅದು ತಿಳಿಯದೆ ಮುಂದಿನ ಮತ್ತು ಹಿಂದಿನ ರಕ್ಷಾಪುಟವನ್ನು ಜೋಡಿಸಿ ಮುದ್ರಣಕ್ಕೆ ಕೊಡಲಾಗದು. ಆದ್ದರಿಂದ ಗಡುವನ್ನು ಎರಡು ಹಂತವಾಗಿ ಒಡೆಯಿರಿ.

ಇಷ್ಟೆಲ್ಲ ಸೇರಿದರೆ ಅಡಿಬರಹ ಹೀಗಾಗುತ್ತದೆ:

‘ಕಥಾಸಂಕಲನದ ಮುಖಪುಟ, ಡೆಮಿ 1/8. ಮಳೆ ಬೇಕು, ಮನುಷ್ಯರು ಬೇಡ ಎಂದಿದ್ದರು ಪ್ರಕಾಶಕರು. ಎರಡು ಸಾಲಿನ ಶೀರ್ಷಿಕೆಗೆ ಆಕಾಶವನ್ನು ಖಾಲಿ ಬಿಟ್ಟೆ. ಮೂರು ರಫ್ ಚಿತ್ರ ಕೊಡುತ್ತೇನೆ, ಒಂದನ್ನು ಆರಿಸಿ. ಎರಡು ಸುತ್ತಿನ ತಿದ್ದುಪಡಿ ದರದಲ್ಲೇ ಸೇರಿದೆ. ಮುಖಪುಟ 8,000 ರೂಪಾಯಿಯಿಂದ, ಅರ್ಧ ಮುಂಗಡ. ಈ ದರ ಒಂದು ಆವೃತ್ತಿಯ ಮುದ್ರಣಕ್ಕೆ, ಬೇರೆ ಬಳಕೆಗೆ ಬೇರೆ ಮಾತು. ಮುಂಗಡ ಮತ್ತು ಕತೆಗಳು ತಲುಪಿದ 5 ದಿನಕ್ಕೆ ರಫ್, ಅದನ್ನು ಒಪ್ಪಿದ 10 ದಿನಕ್ಕೆ ಪೂರ್ಣ ಚಿತ್ರ. ಬೆನ್ನಿನ ಅಳತೆ ಅಷ್ಟರೊಳಗೆ ಬೇಕು.’

ಇನ್‌ಸ್ಟಾಗ್ರಾಮ್‌ನಲ್ಲಿ ಅಡಿಬರಹಕ್ಕೆ 2,200 ಅಕ್ಷರಗಳ ಮಿತಿ ಇದೆ, ಇದು ಅದರೊಳಗೆ ಆರಾಮವಾಗಿ ಕೂರುತ್ತದೆ. ಆದರೆ ಪೂರ್ತಿ ಓದಲು ಒತ್ತುವ ಮೊದಲು ಕಾಣುವುದು ಆರಂಭದ ಸಾಲು ಮಾತ್ರ. ಏನು ಕೆಲಸ ಎಂಬುದು ಅಲ್ಲೇ ಇರಬೇಕು. ದರ ಏರಿಸಿದ ದಿನವೇ ಹಳೆಯ ಚಿತ್ರಗಳ ಕೆಳಗಿನ ಅಂಕಿಗಳನ್ನೂ ತಿದ್ದಿಬಿಡಿ. ಪ್ರಕಾಶಕರು ನಿಮ್ಮನ್ನು ಹುಡುಕಿಕೊಂಡು ಬರುವುದು ಹಳೆಯ ಚಿತ್ರವೊಂದನ್ನು ನೋಡಿಯೂ ಇರಬಹುದು.