‘ಹೇಳಿದ್ದೀವಿ ಸಾರ್’ ಅಂದರೆ ಬಂತು ಎಂದಲ್ಲ

ಕಾಲೇಜು ಫೆಸ್ಟ್‌ನ ಬೆಳಿಗ್ಗೆ ಜನರೇಟರ್ ಎಲ್ಲಿ ಎಂದು ಕೇಳಿದರೆ ‘ಸ್ಟೇಜ್ ಕಮಿಟಿ ನೋಡಿಕೊಳ್ಳುತ್ತಿದೆ’ ಎಂಬ ಉತ್ತರ ಬರುತ್ತದೆ. ಕಮಿಟಿಗೆ ಫೋನ್ ನಂಬರ್ ಇರುವುದಿಲ್ಲ. ಆದ್ದರಿಂದ ಪಟ್ಟಿಯ ‘ಹೊಣೆ’ ಕಾಲಂನಲ್ಲಿ ಒಬ್ಬರದೇ ಹೆಸರು, ಪಕ್ಕದಲ್ಲಿ ಅವರ ಮೊಬೈಲ್ ನಂಬರ್ ಇರಬೇಕು.

ಗಡುವನ್ನು ಹಿಂದಿನಿಂದ ಎಣಿಸುವುದೇ ಸರಿ. ಸಂಜೆ 6ಕ್ಕೆ ಬ್ಯಾಂಡ್ ಎಂದಾದರೆ 4ಕ್ಕೆ ಸೌಂಡ್ ಚೆಕ್. ಅದಕ್ಕೂ ಮುಂಚೆ ಸ್ಪೀಕರ್, ದೀಪಗಳ ಜೋಡಣೆಗೆ ಮೂರು ಗಂಟೆಯಾದರೂ ಬೇಕು. ಹಾಗಾಗಿ ಕರೆಂಟು 1ಕ್ಕೇ ಸಿಗಬೇಕು. ಜನರೇಟರ್ ಇಳಿಸಿ, ಕೇಬಲ್ ಎಳೆದು, ಅರ್ಥಿಂಗ್ ಕೊಡುವ ಸಮಯ ಕಳೆದರೆ ಗಾಡಿ 11ಕ್ಕೆ ಗೇಟಿನೊಳಗಿರಬೇಕು. ಪಟ್ಟಿಯಲ್ಲಿ ಬರೆಯಬೇಕಾದ ಗಡುವು ಆ 11, ಸಂಜೆಯ 6 ಅಲ್ಲ. ಅಷ್ಟರಲ್ಲಿ ತಿಂಡಿ ಸ್ಟಾಲ್‌ನವರು ಗೇಟಿಗೆ ಅಡ್ಡಲಾಗಿ ಟೇಬಲ್ ಹಾಕಿಬಿಟ್ಟರೆ ಗಾಡಿ ಹೊರಗೇ! ಸ್ಟಾಲ್‌ಗಳ ಸಾಲಿನಲ್ಲಿ ‘ಜನರೇಟರ್ ಒಳಬಂದ ಮೇಲೆ’ ಎಂದು ಬರೆಯುವುದು ಇದಕ್ಕೇ.

ಎಲ್ಲರೂ ಮೋಸಹೋಗುವುದು ‘ಸ್ಥಿತಿ’ ಕಾಲಂನಲ್ಲಿ. ‘ಆಗ್ತಾ ಇದೆ’ ಎಂಬ ಮಾತಿಗೆ ಅಲ್ಲಿ ಜಾಗ ಕೊಡಬಾರದು. ಹೇಳಿದೆ, ಅಡ್ವಾನ್ಸ್ ಕೊಟ್ಟಿದೆ, ಬಂದಿದೆ, ಪರೀಕ್ಷಿಸಿದೆ: ಈ ನಾಲ್ಕು ಸಾಕು. ಎಲ್ಲ ದೀಪ, ಸ್ಪೀಕರ್ ಹಾಕಿ ಅರ್ಧ ಗಂಟೆ ಓಡಿಸಿ ನೋಡಿದ ಮೇಲಷ್ಟೇ ‘ಪರೀಕ್ಷಿಸಿದೆ’. ದೀಪ ಮಂಕಾದರೆ, ಎಂಜಿನ್ ಏದುಸಿರು ಬಿಟ್ಟರೆ ಹೊರೆ ಹೆಚ್ಚಾಗಿದೆ ಎಂದೇ ಅರ್ಥ.

ಕೊನೆಯ ಸಾಲಿನ ಗಡುವು ಮಾತ್ರ ವಿದ್ಯಾರ್ಥಿಗಳ ಕೈಯಲ್ಲಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ, ವಿಶೇಷ ವಿನಾಯಿತಿ ಇಲ್ಲದಿದ್ದರೆ ಬಯಲು ವೇದಿಕೆಯ ಧ್ವನಿವರ್ಧಕ ರಾತ್ರಿ 10ಕ್ಕೆ ನಿಲ್ಲಬೇಕು.