ಮೇ 31ಕ್ಕೆ ಮುಗಿಯುವ ಕರಾರು

ಮೈಸೂರಿನ ಒಂದು ಶಾಲೆಯ ಹಿಂಬದಿ ಬೀದಿಯಲ್ಲಿ ನನ್ನ ಗೆಳೆಯರ ನೋಟ್‌ಬುಕ್, ಪೆನ್ನು, ಗಿಫ್ಟ್ ಸಾಮಾನಿನ ಅಂಗಡಿ ಇದೆ. ಹತ್ತಡಿ ಅಗಲ, ಹದಿನೆಂಟಡಿ ಉದ್ದ, ಒಂದೇ ಶಟರ್. ಒಂಬತ್ತು ವರ್ಷದಿಂದ ಅಲ್ಲೇ ಇದ್ದಾರೆ. 2025ರ ಜನವರಿ ಕೊನೆಯಲ್ಲಿ ಬಾಡಿಗೆ ಇಸಿದುಕೊಳ್ಳಲು ಬಂದ ಓನರ್, ಹೊರಡುವಾಗ ಬಾಗಿಲಲ್ಲಿ ನಿಂತು, "ನೋಡಪ್ಪಾ, ಈ ಸಲ ಅಗ್ರಿಮೆಂಟ್ ಮಾಡುವಾಗ ಇಪ್ಪತ್ತೊಂದು ಮಾಡೋಣ. ಮೂಲೆ ಅಂಗಡಿಗೆ ಅಷ್ಟು ಕೊಡ್ತಿದ್ದಾರಂತೆ" ಎಂದರು. ಆಗಿನ ಬಾಡಿಗೆ 15,000. ಗೆಳೆಯರು ಏನೂ ಹೇಳದೆ ತಲೆ ಅಲ್ಲಾಡಿಸಿದರು. ಸಂಜೆ ಹಳೆಯ ಕರಾರು ಪತ್ರ ಹಿಡಿದು ನನ್ನ ಮನೆಗೆ ಬಂದರು. ಸಣ್ಣ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ.

ನಾವು ಮೊದಲು ನೋಡಿದ್ದು ಬಾಡಿಗೆಯ ಮೊತ್ತವನ್ನಲ್ಲ, ಕರಾರು ಮುಗಿಯುವ ತಾರೀಖನ್ನು. ಅದು ಮೇ 31. ಶಾಲೆ ಶುರುವಾಗುವ ಹೊತ್ತು ಅದು. ಮೇ ಎರಡನೇ ವಾರಕ್ಕೆ ನೋಟ್‌ಬುಕ್ ಬಂಡಲ್‌ಗಳು ಬಂದು ಅಟ್ಟದವರೆಗೂ ತುಂಬಿರುತ್ತವೆ. ಇವರ ವರ್ಷದ ಲಾಭದ ದೊಡ್ಡ ಪಾಲು ಬರುವುದು ಜೂನ್, ಜುಲೈನಲ್ಲಿ. ಹಾಗೆ ಸರಕು ತುಂಬಿಕೊಂಡು ಕೂತವರು "ಆಗಲ್ಲ ಸಾರ್, ಖಾಲಿ ಮಾಡ್ತೀನಿ" ಎನ್ನುವಂತಿಲ್ಲ. ಓನರ್‌ಗೂ ಇದು ಗೊತ್ತಿತ್ತು.

ಆ ತಾರೀಖು ಅಲ್ಲಿಗೆ ಹೇಗೆ ಬಂತು? ನಮ್ಮಲ್ಲಿ ಅಂಗಡಿ ಕರಾರುಗಳನ್ನೆಲ್ಲ 11 ತಿಂಗಳಿಗೆ ಬರೆಸುವ ರೂಢಿ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ಬೇಡವೆಂದು 11 ತಿಂಗಳು. ಆದರೆ ಪ್ರತಿ ಬಾರಿ ಹೊಸ ಕರಾರು ಬರೆದಾಗ ಮುಗಿಯುವ ತಾರೀಖು ಒಂದು ತಿಂಗಳು ಹಿಂದಕ್ಕೆ ಜಾರುತ್ತದೆ. ಹೋದ ಸಲ ಜೂನ್ 30 ಇದ್ದದ್ದು ಈ ಸಲ ಮೇ 31. ಬಾಡಿಗೆ ಏರಿಕೆಯೂ ಹೀಗೆಯೇ. "ವರ್ಷಕ್ಕೆ ಶೇ 5" ಎಂದು ಬಾಯಲ್ಲಿ ಹೇಳುತ್ತಾರೆ, ಕರಾರು ಬದಲಾಗುವುದು 11 ತಿಂಗಳಿಗೆ. ಐದು ಏರಿಕೆಗೆ ಐದು ವರ್ಷ ಕಾಯಬೇಕಿಲ್ಲ, 55 ತಿಂಗಳು ಸಾಕು.

ಕರಾರಿನಲ್ಲಿದ್ದ ಇನ್ನೊಂದು ಸಾಲು, "ಉಭಯತರ ಒಪ್ಪಿಗೆಯ ಮೇರೆಗೆ ನವೀಕರಿಸತಕ್ಕದ್ದು". ಗೆಳೆಯರು ಒಂಬತ್ತು ವರ್ಷದಿಂದ ಈ ಸಾಲನ್ನೇ ನಂಬಿಕೊಂಡಿದ್ದರು. ಇದರಿಂದ ಬಾಡಿಗೆದಾರನಿಗೆ ಯಾವ ಹಕ್ಕೂ ಹುಟ್ಟುವುದಿಲ್ಲ. ಓನರ್ ಒಪ್ಪದಿದ್ದರೆ ಅಲ್ಲಿಗೆ ಮುಗಿಯಿತು. ಅವಧಿ ಮುಗಿದ ಮೇಲೂ ಅಂಗಡಿ ನಡೆಸುತ್ತಾ ಹೋದರೆ, ಓನರ್ ಬಾಡಿಗೆ ತೆಗೆದುಕೊಳ್ಳುತ್ತಿದ್ದರೆ, ಆ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದಂತೆ ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹೇಳುತ್ತದೆ. ಬೇರೆ ಮಾತು ಬರೆದಿರದಿದ್ದರೆ ಅಂಥ ಬಾಡಿಗೆಯನ್ನು 15 ದಿನದ ನೋಟಿಸಿನಲ್ಲಿ ಮುಗಿಸಬಹುದು. ಹಾಗಾದರೆ ಬಾಡಿಗೆ ಕಾಯ್ದೆ ಕೈಹಿಡಿಯುವುದಿಲ್ಲವೇ ಎಂದು ಅವರು ಕೇಳಿದರು. ಕರ್ನಾಟಕ ಬಾಡಿಗೆ ಕಾಯ್ದೆ, 1999, ವಾಣಿಜ್ಯ ಮಳಿಗೆಯ ಮಟ್ಟಿಗೆ 14 ಚದರ ಮೀಟರ್ ಮೀರಿದ್ದಕ್ಕೆ ಅನ್ವಯಿಸುವುದಿಲ್ಲ. ಅಂದರೆ ಸುಮಾರು 150 ಚದರಡಿ. ಇವರದು 180. ಆದ್ದರಿಂದ ಇಲ್ಲಿ ಬಾಡಿಗೆ ಎಷ್ಟಿರಬೇಕೆಂದು ಹೇಳಲು ಯಾವ ಕಾನೂನೂ ಬರುವುದಿಲ್ಲ. ಇಬ್ಬರೂ ಕೂತು ಮಾತಾಡಿ ತೀರ್ಮಾನಿಸಿಕೊಂಡದ್ದೇ ಬಾಡಿಗೆ.

ಮಾತಿಗೆ ಕೂರುವ ಮುನ್ನ ಲೆಕ್ಕ ಹಾಕಿದೆವು. ತಿಂಗಳಿಗೆ ಸರಾಸರಿ ವ್ಯಾಪಾರ 2,40,000. ಸರಕಿನ ದುಡ್ಡು ಕಳೆದರೆ ನೂರಕ್ಕೆ ಇಪ್ಪತ್ತು ಉಳಿಯುತ್ತದೆ, ಅಂದರೆ 48,000. ಹುಡುಗನ ಸಂಬಳ 12,000, ಕರೆಂಟು ಮತ್ತು ಚಿಲ್ಲರೆ ಖರ್ಚು 3,000, ಬಾಡಿಗೆ 15,000. ಎಲ್ಲ ಹೋಗಿ ಮನೆಗೆ 18,000. ಬಾಡಿಗೆ 21,000 ಆದರೆ ಮನೆಗೆ ಉಳಿಯುವುದು 12,000. ಓನರ್ ಬಾಯಲ್ಲಿ "ಆರು ಸಾವಿರ ಜಾಸ್ತಿ" ಎಂದು ಕೇಳಿಸಿದ್ದು ಇವರ ಮನೆಯ ಆದಾಯದ ಮೂರನೇ ಒಂದು ಭಾಗ. ಆ ಆರು ಸಾವಿರವನ್ನು ವ್ಯಾಪಾರದಲ್ಲೇ ದುಡಿಯಬೇಕೆಂದರೆ ಶೇ 20ರ ಲಾಭದಲ್ಲಿ ತಿಂಗಳಿಗೆ 30,000, ಅಂದರೆ ದಿನಕ್ಕೆ ಸಾವಿರ ರೂಪಾಯಿಯ ಸರಕು ಹೆಚ್ಚಿಗೆ ಮಾರಬೇಕು. ಹತ್ತು ರೂಪಾಯಿಯ ಪೆನ್ನಾದರೆ ದಿನಕ್ಕೆ ಇನ್ನೂ ನೂರು ಪೆನ್ನು. ಈ ಮಾತನ್ನು ಕೇಳಿದಾಗ ಗೆಳೆಯರು ಸ್ವಲ್ಪ ಹೊತ್ತು ಸುಮ್ಮನೆ ಕೂತರು.

ಇಷ್ಟು ಹೇಳಿದರೆ ಓನರ್ ಮರುಗಬಹುದು, ಬಾಡಿಗೆ ಇಳಿಸಲಾರರು. ಅವರದೂ ಒಂದು ಲೆಕ್ಕ ಇರುತ್ತದೆ. ಅದನ್ನೂ ನಾವೇ ಹಾಕಿದೆವು. ಅಂಗಡಿ ಖಾಲಿಯಾಗಿ ಮೂರು ತಿಂಗಳು ಬೀಗ ಬಿದ್ದರೆ, ನಾವು ಕೊಡಲು ಸಿದ್ಧವಿದ್ದ 16,500ರ ದರದಲ್ಲಿ 49,500 ಹೋಗುತ್ತದೆ. ಹೊಸಬರನ್ನು ಹುಡುಕಿಕೊಟ್ಟ ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ 21,000. ಒಟ್ಟು 70,500. ಹೊಸಬರಿಂದ ತಿಂಗಳಿಗೆ ಸಿಗುವ ಹೆಚ್ಚಳ 4,500. ಕಳೆದುಕೊಂಡದ್ದು ಕೈಗೆ ಬರಲು ಸುಮಾರು 16 ತಿಂಗಳು ಬೇಕು, ಸುಣ್ಣಬಣ್ಣದ ಖರ್ಚು ಬೇರೆ. ಜೊತೆಗೆ ಇವರು ಕೊಟ್ಟ 1,50,000 ಅಡ್ವಾನ್ಸನ್ನು ಕೀಲಿ ಒಪ್ಪಿಸಿದ ದಿನವೇ ವಾಪಸು ಕೊಡಬೇಕು. ಹೊಸಬರ ಅಡ್ವಾನ್ಸ್ ಬರುವವರೆಗೆ ಅಷ್ಟು ದುಡ್ಡು ಹೊಂದಿಸುವುದು ಎಷ್ಟೋ ಓನರ್‌ಗಳಿಗೆ ಕಷ್ಟ, ಏಕೆಂದರೆ ಅದು ಮಗಳ ಮದುವೆಗೋ ಮನೆಯ ರಿಪೇರಿಗೋ ಯಾವಾಗಲೋ ಖರ್ಚಾಗಿರುತ್ತದೆ. ಈ ಲೆಕ್ಕ ಒಂದಕ್ಕೆ ಮಾತ್ರ ನಿಲ್ಲುವುದಿಲ್ಲ. ಅಂಗಡಿ ಬಿಟ್ಟ ಮಾರನೇ ವಾರವೇ ಹಿಡಿಯುವವರು ಸಾಲುಗಟ್ಟಿ ನಿಂತಿರುವ ಬೀದಿಯಾದರೆ ಬೀಗ ಬೀಳುವುದೇ ಇಲ್ಲ. ಅದಕ್ಕೇ ಗೆಳೆಯರನ್ನು ಬೀದಿ ಸುತ್ತಿ ಬರಲು ಹೇಳಿದೆ.

ಅವರು ಎರಡು ದಿನ ಸುತ್ತಿದರು. ಆ ಬೀದಿಯಲ್ಲೇ ಎರಡು ಮಳಿಗೆಗಳ ಶಟರ್ ಮೇಲೆ 'ಬಾಡಿಗೆಗೆ ಇದೆ' ಬೋರ್ಡು ತಿಂಗಳುಗಟ್ಟಲೆಯಿಂದ ತೂಗುತ್ತಿತ್ತು. ಮೂಲೆ ಅಂಗಡಿಯದು ನಿಜಕ್ಕೂ 21,000. ಆದರೆ ಅದಕ್ಕೆ ಎರಡು ರಸ್ತೆಗೆ ಎರಡು ಶಟರ್, ಎದುರಿಗೆ ಗಾಡಿ ನಿಲ್ಲಿಸಲು ಜಾಗ. ಚದರಡಿಯ ಲೆಕ್ಕದಲ್ಲಷ್ಟೇ ಹೋಲಿಸಿದರೆ ಮೋಸ ಹೋಗುತ್ತೇವೆ. ರಸ್ತೆಗೆ ತೆರೆದ ಅಗಲಕ್ಕೆ ಬೆಲೆಯೇ ಹೊರತು ಹಿಂದಿನ ಕತ್ತಲೆ ಮೂಲೆಗೆ ಅಷ್ಟಿಲ್ಲ. ಇವರ ಹಾಗೆಯೇ ಒಂದೇ ಶಟರಿನ ಮೂರು ಅಂಗಡಿಗಳವರು ಚದರಡಿಗೆ 85ರಿಂದ 95 ಕೊಡುತ್ತಿದ್ದರು. 16,500 ಎಂದರೆ ಚದರಡಿಗೆ ಸುಮಾರು 92.

ಗೆಳೆಯರ ಕೊನೆಯ ಮಿತಿ ಎಷ್ಟೆಂಬುದನ್ನೂ ಗುಟ್ಟಾಗಿ ಬರೆದಿಟ್ಟುಕೊಂಡೆವು. ಪಕ್ಕದ ಅಡ್ಡರಸ್ತೆಯಲ್ಲಿ 14,000ಕ್ಕೆ ಮಳಿಗೆ ಇತ್ತು. ಹೋಗಬಹುದು, ಆದರೆ ಹೊಸ ರ‍್ಯಾಕ್, ಬೋರ್ಡು, ವೈರಿಂಗ್‌ಗೆ 60,000 ಬೇಕು, ಮಕ್ಕಳು ಹೊಸ ಜಾಗ ಕಂಡುಕೊಳ್ಳುವವರೆಗೆ ವ್ಯಾಪಾರ ಕಡಿಮೆ. ಎಲ್ಲ ತೂಗಿ ನೋಡಿ, ಮೊದಲ ವರ್ಷ 18,000 ದಾಟಿದರೆ ಹೋಗುವುದೇ ಲೇಸು ಎಂದು ನಿಶ್ಚಯಿಸಿದರು. ಬಿಟ್ಟು ಹೋಗಲು ಮನಸ್ಸಿಲ್ಲದವರು "ಖಾಲಿ ಮಾಡ್ತೀನಿ" ಎಂದು ಬಾಯಿ ಬಿಡಬಾರದು. "ಆಗಲಿ, ಮಾಡಪ್ಪಾ" ಎಂದುಬಿಟ್ಟರೆ ಆಮೇಲೆ ಆಡಲು ಮಾತು ಉಳಿಯುವುದಿಲ್ಲ.

ಫೆಬ್ರುವರಿ ಮೊದಲ ವಾರ, ಕರಾರು ಮುಗಿಯಲು ನಾಲ್ಕು ತಿಂಗಳು ಇರುವಾಗಲೇ ಒಂದು ಪುಟದ ಪತ್ರ ಬರೆದೆವು. ಒಕ್ಕಣೆ ಹೀಗಿತ್ತು: "ಮಾನ್ಯರೇ, ತಮ್ಮ ಮಳಿಗೆಯಲ್ಲಿ ಒಂಬತ್ತು ವರ್ಷಗಳಿಂದ ವ್ಯಾಪಾರ ನಡೆಸುತ್ತಿದ್ದೇನೆ. ಈವರೆಗೆ ಬಾಡಿಗೆ ಬಾಕಿ ಇಟ್ಟಿಲ್ಲ. ಈಗಿನ ಕರಾರು 31-5-2025ಕ್ಕೆ ಮುಗಿಯುತ್ತದೆ. ಮುಂದೆ ಮೂರು ವರ್ಷಕ್ಕೆ ನೋಂದಾಯಿತ ಕರಾರು ಮಾಡಿಕೊಡಬೇಕೆಂದು ಕೋರುತ್ತೇನೆ. ಮೊದಲ ವರ್ಷ 16,500, ಎರಡನೇ ವರ್ಷ 17,500, ಮೂರನೇ ವರ್ಷ 18,500 ರೂಪಾಯಿ ಕೊಡಲು ಸಿದ್ಧನಿದ್ದೇನೆ. ಶಟರಿನ ಮೇಲ್ಭಾಗದಲ್ಲಿ ಮಳೆನೀರು ಒಳಗಿಳಿಯುತ್ತಿದ್ದು, ಮಳೆಗಾಲಕ್ಕೆ ಮುಂಚೆ ಅದನ್ನು ಸರಿಪಡಿಸಿಕೊಡಬೇಕಾಗಿ ವಿನಂತಿ." ಮನೆಯ ಕಷ್ಟ, ಮಗನ ಕಾಲೇಜು ಫೀಸು ಯಾವುದನ್ನೂ ಬರೆಯಲಿಲ್ಲ. ಪತ್ರವನ್ನು ಕೈಯಾರೆ ಕೊಟ್ಟು, ನಕಲಿನ ಮೇಲೆ ಸಹಿ ಪಡೆದರು. ಓನರ್ ನಗದು ಇಸಿದುಕೊಂಡು ರಸೀದಿ ಕೊಡದೆ ಹೋಗುತ್ತಿದ್ದರಿಂದ, ಆ ತಿಂಗಳಿನಿಂದ ಬಾಡಿಗೆಯನ್ನು ಬ್ಯಾಂಕಿಗೆ ಹಾಕತೊಡಗಿದರು. ಬಾಕಿ ಇಟ್ಟಿಲ್ಲ ಎನ್ನಲು ಕಾಗದದ ಆಧಾರ ಬೇಕಲ್ಲ.

ವಾರ ಬಿಟ್ಟು ಓನರ್ ಮನೆಗೇ ಹೋದೆವು. ನಿವೃತ್ತರು, ಈ ಬಾಡಿಗೆಯ ಮೇಲೆಯೇ ಅವರ ಸಂಸಾರ ನಿಂತಿದೆ. ಪತ್ರ ಕೈಯಲ್ಲೇ ಇತ್ತು.

"ಮೂಲೆಯವನು ಇಪ್ಪತ್ತೊಂದು ಕೊಡ್ತಾನಲ್ಲಪ್ಪಾ?"

"ಅವರಿಗೆ ಎರಡು ಶಟರ್ ಇದೆ ಸಾರ್. ನಮ್ಮ ಸಾಲಿನಲ್ಲೇ ಎರಡು ಮಳಿಗೆ ಖಾಲಿ ಬಿದ್ದಿವೆ, ತಾವೇ ನೋಡಿದ್ದೀರಿ. ಮೂರು ವರ್ಷ ತಮಗೆ ಹುಡುಕೋ ತಾಪತ್ರಯ ಬೇಡ."

"ಕಂದಾಯ ಎಷ್ಟು ಏರಿದೆ ಗೊತ್ತಾ ನಿಂಗೆ?" ಎನ್ನುತ್ತ ಅವರು ಪಾಲಿಕೆಯ ತೆರಿಗೆ ರಸೀದಿ ತಂದು ತೋರಿಸಿದರು. ನಿಜಕ್ಕೂ ಏರಿತ್ತು. ಗೆಳೆಯರು ಅದನ್ನು ಒಪ್ಪಿಕೊಂಡು ತಿಂಗಳಿಗೆ ಐನೂರು ಹೆಚ್ಚಿಸಿದರು. 17,000, 18,000, 19,000ಕ್ಕೆ ಮಾತು ನಿಂತಿತು. ಅಡ್ವಾನ್ಸ್ ಅಷ್ಟೇ ಇರಲಿ ಎಂದಾಯಿತು.

ಆಮೇಲಿನ ಚರ್ಚೆ ಕರಾರಿನ ಒಳಗಿನ ಮಾತುಗಳದು. ಓನರ್‌ಗೆ ಹೊಳೆದದ್ದು 200 ರೂಪಾಯಿ ಛಾಪಾ ಕಾಗದ, ನೋಟರಿ ಸಹಿ. ಮೂರು ವರ್ಷದ ಕರಾರಿಗೆ ಅದು ಸಾಲದು. ನೋಂದಣಿಯಾಗದ ಪತ್ರದಲ್ಲಿ ಮೂರು ವರ್ಷ ಎಂದು ಬರೆದಿದ್ದರೂ ಆ ಅವಧಿಗೆ ಅದನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ನೆಚ್ಚುವಂತಿಲ್ಲ. ನೋಂದಣಿ ಖರ್ಚನ್ನು ಅರ್ಧರ್ಧ ಹಾಕಿಕೊಂಡರು. ಮೂರು ವರ್ಷದೊಳಗೆ ಓನರ್ ಬಿಡಿಸುವಂತಿಲ್ಲ, ವ್ಯಾಪಾರ ನಡೆಯದಿದ್ದರೆ ಗೆಳೆಯರು ಮೂರು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು ಎಂದು ಬರೆಸಿದೆವು.

ಬಾಡಿಗೆ 'ಜಿಎಸ್‌ಟಿ ಸೇರಿ' ಎಂಬ ಮಾತನ್ನೂ ಸೇರಿಸಿದೆವು. ಇವರ ವರ್ಷದ ವ್ಯಾಪಾರ 28,80,000, ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ನೋಂದಣಿಯ ಮಿತಿ 40 ಲಕ್ಷ. ಹಾಗಾಗಿ ಇವರಿಗೆ ಜಿಎಸ್‌ಟಿ ನಂಬರಿಲ್ಲ. ನಾಳೆ ಓನರ್ ನೋಂದಾಯಿಸಿಕೊಂಡು ಶೇ 18 ಸೇರಿಸಿದರೆ 17,000ದ ಮೇಲೆ ಇನ್ನೂ 3,060 ಕೊಡಬೇಕಾಗುತ್ತಿತ್ತು, ಅದನ್ನು ವಾಪಸು ಪಡೆಯುವ ದಾರಿಯೂ ಇರುತ್ತಿರಲಿಲ್ಲ. ಜಿಎಸ್‌ಟಿ ನಂಬರಿರುವ ಅಂಗಡಿಯವರ ಕಥೆ ಬೇರೆ. 2024ರ ಅಕ್ಟೋಬರ್ 10ರಿಂದ ಓನರ್‌ಗೆ ನಂಬರ್ ಇಲ್ಲದಿದ್ದರೂ ಬಾಡಿಗೆಯ ಮೇಲಿನ ತೆರಿಗೆಯನ್ನು ಬಾಡಿಗೆದಾರನೇ ಕಟ್ಟಬೇಕು. ಕಾಂಪೊಸಿಷನ್‌ನಲ್ಲಿರುವವರಿಗೆ 2025ರ ಜನವರಿ 16ರಿಂದ ಇದರಿಂದ ವಿನಾಯಿತಿ ಸಿಕ್ಕಿದೆ.

ಎಲ್ಲ ಮುಗಿದ ಮೇಲೆ ಗೆಳೆಯರು ಒಂದು ಮಾತು ಕೇಳಿದರು. "ಸಾರ್, ಅಗ್ರಿಮೆಂಟ್ ಜೂನ್ ಒಂದಕ್ಕೇ ಶುರುವಾಗಲಿ. ಮುಗಿಯೋದು ಮಾತ್ರ 2028ರ ಸೆಪ್ಟೆಂಬರ್ ಮೂವತ್ತಕ್ಕೆ ಇರಲಿ. ಕೊನೆಯ ನಾಲ್ಕು ತಿಂಗಳೂ ಹತ್ತೊಂಬತ್ತೇ ಕೊಡ್ತೀನಿ." ನಾಲ್ಕು ತಿಂಗಳ ಬಾಡಿಗೆ ಹೆಚ್ಚಿಗೆ ಖಾತ್ರಿಯಾದದ್ದರಿಂದ ಓನರ್ ಒಪ್ಪಿದರು. ಸೆಪ್ಟೆಂಬರ್ ಕೊನೆಗೆ ಅಟ್ಟದ ಮೇಲೆ ಉಳಿಯುವುದು ಹತ್ತು ಹನ್ನೆರಡು ಬಂಡಲ್ ಮಾತ್ರ.