ನೆರಳು ಇರಲೋ, ಅಳಿಸಲೋ?

ಬಿಳಿ ಹಾಳೆಯ ಮೇಲಿಟ್ಟು ತೆಗೆದ ಚನ್ನಪಟ್ಟಣದ ಗಾಲಿಕುದುರೆಯ ಫೋಟೊವನ್ನು ಕ್ಯಾಟಲಾಗಿನ ಹಳದಿ ಪುಟಕ್ಕೆ ಕೂರಿಸಬೇಕು ಎನ್ನಿ. ಕುದುರೆಯನ್ನಷ್ಟೇ ಕತ್ತರಿಸಿ ತಂದರೆ ಅದು ಗಾಳಿಯಲ್ಲಿ ತೇಲುತ್ತದೆ. ನೆರಳನ್ನೂ ಸೇರಿಸಿಕೊಂಡರೆ ಸುತ್ತ ಬಿಳಿ ತೇಪೆ ಎದ್ದು ಕಾಣುತ್ತದೆ.

ನೆರಳನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ಎರಡು ಭಾಗಗಳಿವೆ. ಗಾಲಿಯಡಿ ಒಂದು ಸಣ್ಣ ಕಪ್ಪು ಗೆರೆ. ವಸ್ತು ನೆಲ ಮುಟ್ಟಿದೆ ಎಂದು ಕಣ್ಣಿಗೆ ತಿಳಿಸುವುದು ಅದೇ. ಅದನ್ನು ನಾನಂತೂ ಸುಲಭಕ್ಕೆ ಅಳಿಸುವುದಿಲ್ಲ. ಪಕ್ಕಕ್ಕೆ ಚಾಚಿದ ಉದ್ದ ನೆರಳು ಬೆಳಕಿನ ದಿಕ್ಕು ಹೇಳುತ್ತದೆ. ಪುಟದ ಉಳಿದ ಆಟಿಕೆಗಳಿಗೆ ಎಡದಿಂದ, ಇದಕ್ಕೆ ಮಾತ್ರ ಬಲದಿಂದ ಬೆಳಕು ಬಿದ್ದಿದ್ದರೆ ಅದು ಹೋಗಲೇಬೇಕು. (ಚಿತ್ರವನ್ನೇ ಎಡಬಲ ತಿರುಗಿಸುವವರು ಮೈಮೇಲೆ ಅಕ್ಷರವಿದೆಯೇ ನೋಡಿಕೊಳ್ಳಲಿ!)

ಉಳಿಸುವುದಾದರೆ ಫೋಟೊಶಾಪಿನಲ್ಲಿ ನೆರಳನ್ನು ಬೇರೆ ಲೇಯರಿಗೆ ಹಾಕಿ, ಅದನ್ನು Multiply ಮಾಡಬೇಕು. ಆಗ ಅಚ್ಚ ಬಿಳಿ ಮಾಯವಾಗಿ, ನೆರಳಿರುವಲ್ಲಿ ಮಾತ್ರ ಹಳದಿ ಗಾಢವಾಗುತ್ತದೆ. ಹಾಳೆ ಕೊಂಚ ಬೂದಾಗಿದ್ದರೂ ಲೇಯರಿನ ಅಂಚು ಮಬ್ಬಾಗಿ ಕಾಣುತ್ತದೆ; Levels ಬಳಸಿ ಹಾಳೆಯ ಭಾಗವನ್ನು 255ಕ್ಕೆ ಏರಿಸಿದರೆ ಸರಿಹೋಗುತ್ತದೆ.

ಪುಟವೇ ಕಪ್ಪಾಗಿದ್ದರೆ ಈ ಕಸರತ್ತೆಲ್ಲ ದಂಡ. ಕಪ್ಪಿನ ಮೇಲೆ ನೆರಳು ಕಾಣುವುದೇ ಇಲ್ಲ, ಅಳಿಸಿಬಿಡಿ.